ಸಹೋದ್ಯೋಗಿಯ ಅಜ್ಜಿ ತೀರಿಕೊಂಡಾಗ ಹಿಂದಿಯಲ್ಲಿ ಬರೆಯುವ ನಾಲ್ಕು ಸಾಲು

ಬೆಂಗಳೂರಿನ ಆಫೀಸಿನಲ್ಲಿ ಪಕ್ಕದ ಸೀಟಿನವರು ಲಖನೌ ಕಡೆಯವರು. ತಾಯಿಯ ತಾಯಿ ಹೋಗಿಬಿಟ್ಟರೆಂದು ರಜೆ ಹಾಕಿ ಊರಿಗೆ ಹೊರಟಿದ್ದಾರೆ. ನಾವು ವಾಟ್ಸಾಪ್‌ನಲ್ಲಿ ಏನು ಬರೆಯಬೇಕು? ಮೊದಲು ಪೂರ್ತಿ ಸಂದೇಶ ನೋಡೋಣ.

“ಆಪ್‌ಕೀ ನಾನೀಜೀ ಕೇ ನಿಧನ್ ಕಾ ಸಮಾಚಾರ್ ಸುನ್‌ಕರ್ ಬಹುತ್ ದುಖ್ ಹುವಾ. ಈಶ್ವರ್ ದಿವಂಗತ್ ಆತ್ಮಾ ಕೋ ಶಾಂತಿ ದೇ ಔರ್ ಪರಿವಾರ್ ಕೋ ಯಹ್ ದುಖ್ ಸಹನೇ ಕೀ ಶಕ್ತಿ ದೇ. ಕಾಮ್ ಕೀ ಚಿಂತಾ ಮತ್ ಕೀಜಿಯೇ, ಯಹಾಂ ಹಮ್ ಸಂಭಾಲ್ ಲೇಂಗೇ. ಕೋಯೀ ಭೀ ಜರೂರತ್ ಹೋ ತೋ ಬತಾಯಿಯೇಗಾ.”

ನಮಗೆ ಕನ್ನಡದಲ್ಲಿ ಎರಡೂ ಕಡೆಯವರು ಅಜ್ಜ-ಅಜ್ಜಿಯೇ. ಹಿಂದಿಯಲ್ಲಿ ಹಾಗಲ್ಲ. ತಂದೆಯ ಕಡೆ ದಾದಾ-ದಾದೀ, ತಾಯಿಯ ಕಡೆ ನಾನಾ-ನಾನೀ. ಯಾವ ಕಡೆಯವರು ಅಂತ ಗೊತ್ತಿಲ್ಲದಿದ್ದರೆ ಇನ್ನೊಬ್ಬ ಸಹೋದ್ಯೋಗಿಯನ್ನು ಕೇಳಿಕೊಂಡು ಬರೆಯುವುದು ವಾಸಿ. ದುಃಖದಲ್ಲಿರುವವರ ಮುಂದೆ ದಾದೀ ಬದಲು ನಾನೀ ಅಂದರೆ, ಯಾರೋ ಬದುಕಿರುವವರನ್ನು ಕಳಿಸಿಬಿಟ್ಟ ಹಾಗಾಗುತ್ತದೆ.

ಮೊದಲ ವಾಕ್ಯದಲ್ಲಿ ನಾವು ಎಡವುವುದು ಕಾ-ಕೇ-ಕೀಯಲ್ಲಿ. ನಾನೀ ಸ್ತ್ರೀಲಿಂಗ, ಅದಕ್ಕೆ ‘ಆಪ್‌ಕೀ’. ಅಜ್ಜನಾದರೆ ‘ಆಪ್‌ಕೇ ನಾನಾಜೀ’. ಒಬ್ಬರೇ ಆದರೂ ಗೌರವಕ್ಕೆ ಬಹುವಚನ, ಹಾಗಾಗಿ ‘ಆಪ್‌ಕಾ ನಾನಾಜೀ’ ಅನ್ನುವಂತಿಲ್ಲ. ಮುಂದಿನ ‘ಕೇ’ಗೂ ನಾನೀಗೂ ಸಂಬಂಧವಿಲ್ಲ. ‘ನಾನೀಜೀ ಕಾ ನಿಧನ್’ ಅನ್ನುವುದರ ಮುಂದೆ ಇನ್ನೊಂದು ‘ಕಾ’ ಬಂತು, ನಿಧನ್ ಕಾ ಸಮಾಚಾರ್. ಆಗ ಹಿಂದಿನ ಕಾ ಬಗ್ಗಿ ‘ಕೇ’ ಆಗುತ್ತದೆ. ನಿಧನ್‌ನ ಮುಂದೆ ಏನೂ ಅಂಟದಿದ್ದರೆ ‘ಕಾ’ ಹಾಗೇ ಉಳಿಯುತ್ತದೆ: ನಾನೀಜೀ ಕಾ ನಿಧನ್ ಹೋ ಗಯಾ. ‘ದುಖ್ ಹುವಾ’ ಮಾತ್ರ ನಮಗೆ ಸುಲಭ. ‘ಮುಝೇ ದುಖ್ ಹುವಾ’ ಅಂದರೆ ‘ನನಗೆ ದುಃಖವಾಯಿತು’, ರಚನೆ ಒಂದೇ.

‘ನಿಧನ್’ ಬದಲು ‘ದೇಹಾಂತ್’ ಅಥವಾ ‘ಸ್ವರ್ಗವಾಸ್’ ಕೂಡ ನಡೆಯುತ್ತದೆ. ಮಾತಿನಲ್ಲಿ ‘ನಾನಾಜೀ ನಹೀಂ ರಹೇ’, ‘ನಾನೀಜೀ ನಹೀಂ ರಹೀಂ’ ಅನ್ನುತ್ತಾರೆ. ಕೊನೆಯ ಸೊನ್ನೆಯನ್ನು ಮೂಗಿನಲ್ಲಿ ಹೇಳಿ, ರಹೀಮ್ ಅನ್ನಬೇಡಿ. ‘ಮರ್ ಗಯೇ’, ‘ಮೌತ್’ ಇಲ್ಲಿ ಬೇಡವೇ ಬೇಡ. ‘ಸತ್ತು ಹೋದರಂತಲ್ಲ’ ಅಂತ ಮುಖಕ್ಕೆ ಹೇಳಿದ ಹಾಗೆ ಕೇಳಿಸುತ್ತದೆ.

ನಿಜವಾದ ಅಪಾಯ ಇರುವುದು ‘ಶ್ರದ್ಧಾಂಜಲಿ’ಯಲ್ಲಿ. ಅದು ಹೋದವರಿಗೆ ಸಲ್ಲುವುದು: ‘ನಾನೀಜೀ ಕೋ ವಿನಮ್ರ್ ಶ್ರದ್ಧಾಂಜಲಿ’. ಅವಸರದಲ್ಲಿ ‘ಆಪ್‌ಕೋ ಶ್ರದ್ಧಾಂಜಲಿ’ ಅಂತ ಬರೆದರೆ ಬದುಕಿರುವ ಸಹೋದ್ಯೋಗಿಗೇ ಹೂ ಹಾಕಿದ ಹಾಗೆ! ಬದುಕಿರುವವರಿಗೆ ಹೇಳುವುದು ‘ಸಂವೇದನಾ’: ‘ಮೇರೀ ಸಂವೇದನಾಯೇಂ ಆಪ್‌ಕೇ ಸಾಥ್ ಹೈಂ’. ನಮ್ಮ ‘ಸಂತಾಪ’ವನ್ನೂ ಹಾಗೇ ಎತ್ತಿಕೊಂಡು ಹೋಗಬೇಡಿ. ಹಿಂದಿಯಲ್ಲಿ ಸಂತಾಪ್ ಅಂದರೆ ಒಳಗಿನ ಬೇಗೆ, ಸಂಕಟ. ‘ಮೇರಾ ಸಂತಾಪ್ ಸ್ವೀಕಾರ್ ಕೀಜಿಯೇ’ ಅಂದರೆ ನಿಮ್ಮ ಸಂಕಟವನ್ನು ಅವರ ಮೇಲೆ ಹೊರಿಸಿದಂತೆ.

ಎರಡನೇ ವಾಕ್ಯ ಸಿದ್ಧರೂಪ, ಪತ್ರಿಕೆಯ ಶೋಕಸಂದೇಶದಲ್ಲೂ ಅದೇ ಇರುತ್ತದೆ. ‘ಶಾಂತಿ ಪ್ರದಾನ್ ಕರೇಂ’, ‘ಅಪನೇ ಶ್ರೀಚರಣೋಂ ಮೇಂ ಸ್ಥಾನ್ ದೇಂ’ ಅಂತಲೂ ಬರೆಯುತ್ತಾರೆ, ಸ್ವಲ್ಪ ಭಾರಿ ಮಾತು. ಇಂಥದ್ದು ಒಂದು ಸಾಲಿದ್ದರೆ ಸಾಕು. ಎಲ್ಲವನ್ನೂ ತುಂಬಿದರೆ ಯಾರದೋ ಸಂದೇಶ ಫಾರ್ವರ್ಡ್ ಮಾಡಿದ ಹಾಗೆ ಕಾಣುತ್ತದೆ, ಅಲ್ವಾ? ಮುಸ್ಲಿಂ ಸಹೋದ್ಯೋಗಿಗೆ ಈ ಸಾಲಿನ ಬದಲು ‘ಅಲ್ಲಾಹ್ ಉನ್‌ಕೀ ಮಗ್‌ಫಿರತ್ ಫರ್ಮಾಯೇ’ ಹೊಂದುತ್ತದೆ, ಅಂದರೆ ಅವರನ್ನು ಕ್ಷಮಿಸಲಿ ಅನ್ನುವ ಪ್ರಾರ್ಥನೆ.

ನಿಮ್ಮದೇ ಮಾತು ಅನ್ನಿಸುವುದು ಕೊನೆಯ ಎರಡು ವಾಕ್ಯದಲ್ಲಿ. ‘ಬತಾಯಿಯೇ’ ಅಂದರೆ ಈಗಲೇ ಹೇಳಿ ಅಂತ. ‘ಬತಾಯಿಯೇಗಾ’ ಅಂದರೆ ನಿಮಗೆ ಯಾವಾಗ ಅನುಕೂಲವೋ ಆಗ ಹೇಳಿ ಅಂತ. ದುಃಖದ ಮನೆಗೆ ಎರಡನೆಯದೇ ಹೊಂದುವುದು. ಕೆಲಸದ ಮಾತು ಹೇಳುವಾಗ ‘ಕಬ್ ಲೌಟೇಂಗೇ’ ಅಂತ ಕೇಳಬೇಡಿ. ಹಿಂದೂ ಮನೆಗಳಲ್ಲಿ ತೇರಹ್‌ವೀಂ, ಅಂದರೆ ಹದಿಮೂರನೇ ದಿನದ ಕಾರ್ಯ, ಮುಗಿಸಿಯೇ ಬರುವವರು ಬಹಳ.

ನೀವಿಬ್ಬರೂ ದಿನಾ ‘ತುಮ್’ ಅಂತಲೇ ಮಾತಾಡುವವರಾದರೆ ಇಲ್ಲೂ ತುಮ್ ಇರಲಿ: ‘ತುಮ್ಹಾರೀ ನಾನೀಜೀ’, ‘ಚಿಂತಾ ಮತ್ ಕರೋ’, ‘ಬತಾನಾ’. ದಿಢೀರ್ ‘ಆಪ್’ ಆದರೆ ಪರಕೀಯರಂತೆ ಕಾಣುತ್ತೀರಿ. ನಾನೀಜೀ ಮಾತ್ರ ಜೀ ಸಮೇತ ಇರಲಿ. ‘ಉಮ್ರ್ ಹೋ ಗಯೀ ಥೀ’ ಅನ್ನುವ ಸಮಾಧಾನವೂ ಬೇಡ. ವಯಸ್ಸಾಗಿತ್ತು ಅಂತ ಅವರಾಗಿ ಹೇಳಿದರೆ ‘ಜೀ’ ಅನ್ನಿ, ಸಾಕು.