ಅರುವತ್ತು ತುಂಬಿದ ಮಾತ್ರಕ್ಕೆ ವಾನಪ್ರಸ್ಥವಲ್ಲ

ಷಷ್ಟ್ಯಬ್ದಿ ಶಾಂತಿ ಮುಗಿಸಿದ ಯಜಮಾನರು "ಆಚಾರ್ಯರೇ, ಇನ್ನು ನಾನು ವಾನಪ್ರಸ್ಥ, ಮುಂದಿನ ವರ್ಷದಿಂದ ಅಪ್ಪನ ಶ್ರಾದ್ಧವನ್ನು ಮಗನೇ ಮಾಡಲಿ" ಎನ್ನುವುದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ನೂರು ವರ್ಷವನ್ನು 25ರಂತೆ ನಾಲ್ಕು ಪಾಲು ಮಾಡಿಕೊಂಡ ಲೆಕ್ಕವೇ ಈ ಗೊಂದಲಕ್ಕೆ ಕಾರಣ. ಮನುಸ್ಮೃತಿ ಆಯುಷ್ಯದ ಭಾಗಗಳನ್ನು ಹೇಳುತ್ತದೆ, ನಿಜ. ಆದರೆ ಅದೇ ಗ್ರಂಥ ಗುರುಕುಲವಾಸಕ್ಕೆ 36 ವರ್ಷ, ಅದರ ಅರ್ಧ, ಕಾಲುಭಾಗ ಅಥವಾ ವೇದ ಕೈವಶವಾಗುವವರೆಗೆ ಎಂದು ಅವಕಾಶ ಕೊಡುತ್ತದೆ. ಎಂಟನೆಯ ವರ್ಷದಲ್ಲಿ ಉಪನಯನವಾಗಿ 36 ವರ್ಷ ಓದಿದವನು ಗೃಹಸ್ಥನಾಗುವುದು 44ರಲ್ಲಿ.

| ಆಶ್ರಮ | ಪ್ರವೇಶ | ಮುಖ್ಯ ಕರ್ತವ್ಯ |
|---|---|---|
| ಬ್ರಹ್ಮಚರ್ಯ | ಉಪನಯನದಿಂದ | ವೇದಾಧ್ಯಯನ, ಗುರುಸೇವೆ |
| ಗಾರ್ಹಸ್ಥ್ಯ | ಸಮಾವರ್ತನದ ನಂತರ ವಿವಾಹದಿಂದ | ಪಂಚಮಹಾಯಜ್ಞ, ಸಂತಾನ, ಇತರ ಆಶ್ರಮಗಳವರ ಪೋಷಣೆ |
| ವಾನಪ್ರಸ್ಥ | ಮೈ ಸುಕ್ಕುಗಟ್ಟಿ, ಕೂದಲು ನರೆತು, ಮೊಮ್ಮಗುವನ್ನು ಕಂಡಾಗ | ಕಾಡಿನಲ್ಲಿ ಅಗ್ನಿಹೋತ್ರ, ಪಂಚಮಹಾಯಜ್ಞ, ತಪಸ್ಸು |
| ಸಂನ್ಯಾಸ | ಮೂರು ಋಣ ತೀರಿದ ಮೇಲೆ | ಕರ್ಮತ್ಯಾಗ, ಭಿಕ್ಷೆ, ಆತ್ಮಚಿಂತನೆ |

ಮೂರನೆಯ ಸಾಲನ್ನು ದಯವಿಟ್ಟು ಎರಡು ಸಲ ಓದಬೇಕು. ಕಾಡಿಗೆ ಹೋಗುವವನು ಅಗ್ನಿಯನ್ನು ಜೊತೆಗೇ ಒಯ್ಯುತ್ತಾನೆ. ಗೆಡ್ಡೆಗೆಣಸು, ಕಾಡುಧಾನ್ಯಗಳಿಂದಲೇ ಪಂಚಮಹಾಯಜ್ಞ ನಡೆಸುತ್ತಾನೆ. ಆಶ್ರಮಕ್ಕೆ ಬಂದ ಅತಿಥಿಗೆ ತನ್ನಲ್ಲಿದ್ದುದನ್ನೇ ಬಡಿಸುತ್ತಾನೆ. ಅಲ್ಲಿ ಬಿಡುವುದು ಊರಿನ ಆಹಾರವನ್ನು ಮತ್ತು ಮನೆಯ ಸರಂಜಾಮನ್ನು, ಕರ್ಮವನ್ನಲ್ಲ. ಕರ್ಮ ಬಿಡುವ ಮಾತು ಬರುವುದು ಸಂನ್ಯಾಸದಲ್ಲಿ, ಅದೂ ಅಧ್ಯಯನದಿಂದ ಋಷಿಗಳ, ಯಜ್ಞದಿಂದ ದೇವತೆಗಳ, ಸಂತಾನದಿಂದ ಪಿತೃಗಳ ಋಣ ತೀರಿದ ಮೇಲೆ. ವೈರಾಗ್ಯ ಬಂದ ದಿನವೇ ಹೊರಡಬಹುದೆಂದು ಜಾಬಾಲೋಪನಿಷತ್ತು ಹೇಳುವುದುಂಟು; ಆದರೆ ನನ್ನ ಬಳಿ ಬರುವವರಿಗೆ ಬೇಕಾಗಿರುವುದು ವೈರಾಗ್ಯವಲ್ಲ, ವಿನಾಯಿತಿ. ಇನ್ನೊಂದು ಮಾತು: ಕಲಿಯುಗದಲ್ಲಿ ಬಿಡಬೇಕಾದವುಗಳ ಪಟ್ಟಿಯಲ್ಲಿ ಬೃಹನ್ನಾರದೀಯ ಪುರಾಣ ವಾನಪ್ರಸ್ಥವನ್ನೂ ಸೇರಿಸಿದೆ.

ಈಚೆಗೆ ಬಂದಿದ್ದ ಒಬ್ಬ ನಿವೃತ್ತ ಅಧಿಕಾರಿಗಳದು ಇದೇ ಪ್ರಶ್ನೆ. ತಂದೆಗೆ ಅವರೇ ಹಿರಿಯ ಮಗ, ಆರೋಗ್ಯ ಗಟ್ಟಿಯಾಗಿದೆ, ಮಗಳ ಮದುವೆ ಇನ್ನೂ ಆಗಬೇಕು. ಮನು ಪತ್ನಿಯನ್ನು ಮಕ್ಕಳಿಗೆ ಒಪ್ಪಿಸಿ ಅಥವಾ ಜೊತೆಗೆ ಕರೆದುಕೊಂಡು ಹೋಗಲು ಹೇಳುತ್ತಾನಾದ್ದರಿಂದ, "ಅಮ್ಮನವರ ಅಭಿಪ್ರಾಯವೇನು?" ಎಂದು ಕೇಳಿದೆ. ಅವರು ಸುಮ್ಮನಾದರು. (ತ್ರೈವರ್ಣಿಕ ಗಂಡಸರಿಗಾಗಿಯೇ ಬರೆದ ಈ ಗ್ರಂಥಗಳೂ ಆಕೆಯನ್ನು ಕೇಳುವುದಿಲ್ಲ.)

ಅವರಿಗೆ ಹೊಂದುವ ದಾರಿ ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದ ಕೊನೆಯಲ್ಲಿದೆ: ಋಣಗಳನ್ನು ತೀರಿಸಿ, ಎಲ್ಲವನ್ನೂ ಮಗನಿಗೆ ವಹಿಸಿ, ಮನೆಯಲ್ಲೇ ತಟಸ್ಥನಾಗಿ ಇರುವುದು. ಹೀಗಿರುವವನು ಗೃಹಸ್ಥನೇ. ಆದ್ದರಿಂದ ಮಗಳ ಮದುವೆ ಮುಗಿದ ಮೇಲೆ ಮನೆಯ ವ್ಯವಹಾರವನ್ನು ಮಗನಿಗೆ ಬಿಡಿ, ತಂದೆಯ ಶ್ರಾದ್ಧವನ್ನು ಮಾತ್ರ ನೀವೇ ಮಾಡಿ ಎಂದೆ. ಕಾಯಿಲೆಯಿಂದ ಕೂರಲಾಗದ ದಿನ ಮಗ ಪ್ರತಿನಿಧಿಯಾಗಬಹುದು. ಆ ಕ್ರಮ ಸೂತ್ರ, ಸಂಪ್ರದಾಯಗಳಿಗೆ ತಕ್ಕಂತೆ ಬದಲಾಗುವುದರಿಂದ ಅದನ್ನು ಅವರವರ ಮನೆಯ ಪುರೋಹಿತರಲ್ಲೇ ಕೇಳುವುದು ಸರಿ.