ಎಫ್‌ಎಂಆರ್‌ಐ ಚಿತ್ರದಲ್ಲಿ ಆ ಕೆಂಪು ಚುಕ್ಕೆ ಎಲ್ಲಿಂದ ಬಂತು?

"ಪ್ರೀತಿಯಲ್ಲಿ ಬಿದ್ದವರ ಮೆದುಳಿನ ಈ ಭಾಗ ಬೆಳಗುತ್ತದೆ" ಅಂತ ಬರೆದು, ಬೂದು ಬಣ್ಣದ ಮೆದುಳಿನ ಮೇಲೆ ಕೆಂಪು-ಹಳದಿ ಚುಕ್ಕೆ ಇಟ್ಟ ಚಿತ್ರವನ್ನು ನೀವೂ ಪೇಪರಿನಲ್ಲಿ ನೋಡಿರುತ್ತೀರಿ. ಅದು ಎಫ್‌ಎಂಆರ್‌ಐ, ಅಂದರೆ ಮೆದುಳು ಕೆಲಸ ಮಾಡುತ್ತಿರುವಾಗ ಎಂಆರ್‌ಐ ಸ್ಕ್ಯಾನರಿನಲ್ಲಿ ತೆಗೆದ ಚಿತ್ರ. ಅಲ್ಲಿ ಏನೂ ಬೆಳಗುವುದಿಲ್ಲ. ಮೆಷಿನ್ ಕೊಡುವುದು ಬರೀ ಸಂಖ್ಯೆಗಳನ್ನು, ಬಣ್ಣ ಹಚ್ಚುವುದು ಆಮೇಲೆ, ಕಂಪ್ಯೂಟರಿನಲ್ಲಿ. ಹಾಸನದ ನಮ್ಮ ಓದುವ ಗುಂಪಿನಲ್ಲಿ ಸೈಕಾಲಜಿಯವರೂ ಇದ್ದಾರೆ, ರೇಡಿಯಾಲಜಿ ಟೆಕ್ನಿಷಿಯನ್ ಕೋರ್ಸಿನವರೂ ಇದ್ದಾರೆ. ಮೊದಲನೆಯವರಿಗೆ ಮೆಷಿನ್ ಭಾಗ ಕಷ್ಟ, ಎರಡನೆಯವರಿಗೆ ಲೆಕ್ಕದ ಭಾಗ ಕಷ್ಟ. ಹಾಗಾಗಿ ಒಂದೇ ಒಂದು ಸರಳ ಪ್ರಯೋಗ ಹಿಡಿದು, ಅದರಲ್ಲೂ ಮೆದುಳಿನ ಒಂದೇ ಒಂದು ಚಿಕ್ಕ ತುಣುಕನ್ನು ಹಿಡಿದು, ಸಂಖ್ಯೆ ಬಣ್ಣವಾಗುವ ತನಕ ಅದರ ಹಿಂದೆಯೇ ಹೋಗೋಣ.

ಪ್ರಯೋಗ ಇಷ್ಟೇ. ಒಬ್ಬರು ಸ್ಕ್ಯಾನರಿನಲ್ಲಿ ಅಲ್ಲಾಡದೆ ಮಲಗಿದ್ದಾರೆ. 20 ಸೆಕೆಂಡು ಬಲಗೈ ಬೆರಳುಗಳನ್ನು ಬಡಿಯಬೇಕು, 20 ಸೆಕೆಂಡು ಸುಮ್ನೆ ಇರಬೇಕು. ಹೀಗೆ 8 ಸಲ. ಒಟ್ಟು 320 ಸೆಕೆಂಡು. ಸ್ಕ್ಯಾನರ್ 2 ಸೆಕೆಂಡಿಗೊಮ್ಮೆ ಇಡೀ ಮೆದುಳಿನ ಒಂದು ಚಿತ್ರ ತೆಗೆಯುತ್ತದೆ, ಅಂದರೆ 160 ಚಿತ್ರ. ಪ್ರತಿ ಚಿತ್ರವೂ ಪುಟ್ಟ ಪುಟ್ಟ ಘನಗಳಿಂದ ಆಗಿರುತ್ತದೆ, ಒಂದೊಂದು ಘನಕ್ಕೂ ವಾಕ್ಸೆಲ್ ಅಂತ ಹೆಸರು. ಅದರ ಅಂಚು ಸಾಮಾನ್ಯವಾಗಿ 3 ಮಿಲಿಮೀಟರ್ ಆಸುಪಾಸು. ಇಷ್ಟು ಚಿಕ್ಕದಾದರೂ ಅದರೊಳಗೆ ಲಕ್ಷಗಟ್ಟಲೆ ನರಕೋಶಗಳಿವೆ, ರಕ್ತನಾಳಗಳಿವೆ. ಒಂದು ನರಕೋಶ ಏನು ಮಾಡಿತು ಅನ್ನುವುದು ಇಲ್ಲಿ ಗೊತ್ತಾಗುವ ಮಾತೇ ಅಲ್ಲ.

ಬಲಗೈ ಆಡಿಸುವುದು ಮೆದುಳಿನ ಎಡಭಾಗ. ಅಲ್ಲಿಯ ಒಂದು ವಾಕ್ಸೆಲ್ ತೆಗೆದುಕೊಳ್ಳಿ. ಸುಮ್ನೆ ಇದ್ದಾಗ ಅದರ ಸರಾಸರಿ ಸಂಖ್ಯೆ 800, ಬೆರಳು ಬಡಿಯುವಾಗ 812 ಅಂತ ಇಟ್ಟುಕೊಳ್ಳಿ. ಏರಿದ್ದು ಒಂದೂವರೆ ಪ್ರತಿಶತ. ಸಂಖ್ಯೆ ನಾನು ಲೆಕ್ಕಕ್ಕೆ ಹಾಕಿದ್ದು, ಆದರೆ ಕಾಂತಕ್ಷೇತ್ರ 3 ಟೆಸ್ಲಾ ಇರುವ ಮೆಷಿನ್‌ಗಳಲ್ಲಿ ಬರುವ ಏರಿಕೆ ಹೆಚ್ಚುಕಡಿಮೆ ಈ ಮಟ್ಟದ್ದೇ. ಇಷ್ಟು ಚಿಕ್ಕ ವ್ಯತ್ಯಾಸದ ಮೇಲೆ ಇಡೀ ಕ್ಷೇತ್ರ ನಿಂತಿದೆ.

ಆ 12 ಎಲ್ಲಿಂದ ಬಂತು?

ಇದರ ಮೂಲ ಹಿಮೋಗ್ಲೋಬಿನ್‌ನಲ್ಲಿದೆ. 1936ರಲ್ಲಿ ಲೈನಸ್ ಪೌಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ಒಂದು ವಿಷಯ ತೋರಿಸಿದರು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಆಯಸ್ಕಾಂತಕ್ಕೆ ಹೆಚ್ಚುಕಡಿಮೆ ಸ್ಪಂದಿಸುವುದೇ ಇಲ್ಲ. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಹಾಗಲ್ಲ, ಅದರ ಕಬ್ಬಿಣದಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನುಗಳಿರುವುದರಿಂದ ಅದು ತನ್ನ ಸುತ್ತಲಿನ ಕಾಂತಕ್ಷೇತ್ರವನ್ನು ಸ್ವಲ್ಪ ಏರುಪೇರು ಮಾಡುತ್ತದೆ. ಎಂಆರ್‌ಐ ಕೇಳಿಸಿಕೊಳ್ಳುವುದು ನೀರಿನ ಹೈಡ್ರೋಜನ್ ಕೊಡುವ ಸಿಗ್ನಲ್ ಅನ್ನು. ಸುತ್ತಲಿನ ಕ್ಷೇತ್ರ ಏರುಪೇರಾದರೆ ಆ ಹೈಡ್ರೋಜನ್‌ಗಳ ತಾಳ ಬೇಗ ತಪ್ಪುತ್ತದೆ, ಸಿಗ್ನಲ್ ಬೇಗ ಇಳಿಯುತ್ತದೆ. ಮೆಷಿನ್ ಸುಮಾರು 30 ಮಿಲಿಸೆಕೆಂಡು ಕಾದು ಉಳಿದದ್ದನ್ನು ಅಳೆಯುತ್ತದೆ. ಆಮ್ಲಜನಕ ಕಳೆದುಕೊಂಡ ರಕ್ತ ಜಾಸ್ತಿ ಇದ್ದಷ್ಟೂ ಉಳಿಯುವುದು ಕಡಿಮೆ. ಬೆಲ್ ಲ್ಯಾಬ್ಸ್‌ನ ಸೇಜಿ ಒಗಾವಾ ಇದನ್ನು 1990ರಲ್ಲಿ ಇಲಿಗಳ ಮೆದುಳಿನಲ್ಲಿ ತೋರಿಸಿ, ರಕ್ತದ ಆಮ್ಲಜನಕದ ಮಟ್ಟವನ್ನು ಅವಲಂಬಿಸಿದ ಸಿಗ್ನಲ್ ಅನ್ನುವ ಅರ್ಥದಲ್ಲಿ ಬೋಲ್ಡ್ ಅಂತ ಹೆಸರಿಟ್ಟರು. 1992ರ ಹೊತ್ತಿಗೆ ಮನುಷ್ಯರಲ್ಲೂ ಮಾಡಿ ನೋಡಿದ್ದಾಯಿತು.

ಈಗ ನಮ್ಮ ಗುಂಪಿನಲ್ಲಿ ಎಲ್ಲರೂ ಎಡವಿದ ಜಾಗ. ಬೆರಳು ಬಡಿಯುವಾಗ ನರಕೋಶಗಳು ಕೆಲಸ ಮಾಡುತ್ತವೆ, ಆಮ್ಲಜನಕ ಬಳಸುತ್ತವೆ. ಹಾಗಿದ್ದರೆ ಆಮ್ಲಜನಕ ಇಲ್ಲದ ರಕ್ತ ಜಾಸ್ತಿಯಾಗಿ ಸಂಖ್ಯೆ 800ರಿಂದ ಕೆಳಗೆ ಇಳಿಯಬೇಕಿತ್ತು, ಅಲ್ವಾ? ಮೇಲೆ ಹೋಗಿದ್ದು ಯಾಕೆ?

ಯಾಕಂದರೆ ಕೆಲಸ ಶುರುವಾದ ಜಾಗಕ್ಕೆ ದೇಹ ಬೇಕಾದ್ದಕ್ಕಿಂತ ತುಂಬಾ ಜಾಸ್ತಿ ರಕ್ತ ಹರಿಸುತ್ತದೆ. ಹೇಮಾವತಿ ನಾಲೆಯ ಕೆಳಗೆ ಗದ್ದೆ ಇರುವವರಿಗೆ ಇದು ತಕ್ಷಣ ಗೊತ್ತಾಗುತ್ತದೆ: ಗದ್ದೆ ಕುಡಿಯುವುದಕ್ಕಿಂತ ಜಾಸ್ತಿ ನೀರು ಬಿಟ್ಟರೆ ಕೊನೆಯ ಬದುವಿನಿಂದ ಹಳ್ಳಕ್ಕೆ ಹೋಗುವ ನೀರೂ ಜಾಸ್ತಿಯಾಗುತ್ತದೆ. ಪೀಟರ್ ಫಾಕ್ಸ್ ಮತ್ತು ಮಾರ್ಕಸ್ ರೈಕ್ಲ್ ಇದನ್ನು 1986ರಲ್ಲೇ ಪೆಟ್ ಅನ್ನುವ ಇನ್ನೊಂದು ಬಗೆಯ ಸ್ಕ್ಯಾನಿನಲ್ಲಿ ಅಳೆದಿದ್ದರು. ಬೆರಳಿಗೆ ಕಂಪನ ಕೊಟ್ಟಾಗ ಆ ಜಾಗದ ರಕ್ತದ ಹರಿವು ಸರಾಸರಿ 29 ಪ್ರತಿಶತ ಏರಿತು, ಆಮ್ಲಜನಕದ ಬಳಕೆ ಏರಿದ್ದು ಬರೀ 5 ಪ್ರತಿಶತ. ಉಳಿದ ಆಮ್ಲಜನಕ ಹಾಗೇ ಅಭಿಧಮನಿಗೆ ಹೋಗುತ್ತದೆ. ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಅಲ್ಲಿ ಕಡಿಮೆಯಾಗುತ್ತದೆ, ಏರುಪೇರು ತಗ್ಗುತ್ತದೆ, 800 ಹೋಗಿ 812 ಆಗುತ್ತದೆ. ನಾವು ಅಳೆಯುತ್ತಿರುವುದು ನರಕೋಶದ ಕೆಲಸವನ್ನಲ್ಲ, ಅದರ ಹಿಂದೆ ಬಂದ ರಕ್ತದ ಅತಿ ಪೂರೈಕೆಯನ್ನು. ಹೊರಗೆ ಹರಿದುಹೋಗುವ ದೊಡ್ಡ ಅಭಿಧಮನಿಯಲ್ಲೂ ಈ ಬದಲಾವಣೆ ಕಾಣುವುದರಿಂದ, ಚುಕ್ಕೆ ಕೆಲಸ ನಡೆದ ಜಾಗದಿಂದ ಕೆಲವು ಮಿಲಿಮೀಟರ್ ಆಚೆಗೂ ಬೀಳಬಹುದು.

ಇನ್ನೊಂದು, ಇದು ನಿಧಾನ. ನರಕೋಶದ ಕೆಲಸ ಮಿಲಿಸೆಕೆಂಡುಗಳದ್ದು. ರಕ್ತದ ಸಿಗ್ನಲ್ ಒಂದೆರಡು ಸೆಕೆಂಡಿನ ನಂತರ ಏರಲು ಶುರುವಾಗಿ, 5-6 ಸೆಕೆಂಡಿಗೆ ತುದಿ ಮುಟ್ಟಿ, ಇಳಿಯುವಾಗ ಮೊದಲಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೂ ಹೋಗಿ ಮತ್ತೆ ಸರಿಹೋಗುತ್ತದೆ. ನಾವು 20 ಸೆಕೆಂಡಿನ ಸರದಿ ಇಟ್ಟಿದ್ದು ಇದಕ್ಕೇ. ಲೆಕ್ಕ ಮಾಡುವಾಗಲೂ ಈ ತಡವನ್ನು ಸೇರಿಸಲೇಬೇಕು. ಇಲ್ಲದಿದ್ದರೆ ಬಡಿತದ ಮೊದಲ ಎರಡು ಮೂರು ಚಿತ್ರಗಳಲ್ಲಿ ಇನ್ನೂ ಸುಮ್ನೆ ಇದ್ದಾಗಿನ ರಕ್ತವೇ ಇರುತ್ತದೆ.

ಕಾಫಿಯ ಮಾತು ಚಿಕ್ಕಮಗಳೂರಿನ ಗೆಳೆಯರಿಗಾಗಿ. ಕೆಫೀನ್ ಮೆದುಳಿನ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. 200-250 ಮಿಲಿಗ್ರಾಂ ಕೊಟ್ಟ ಪ್ರಯೋಗಗಳಲ್ಲಿ ಮೆದುಳಿನ ರಕ್ತದ ಹರಿವು 20ರಿಂದ 30 ಪ್ರತಿಶತದಷ್ಟು ಇಳಿದದ್ದಿದೆ. ಬೆರಳು ಅದೇ, ಬಡಿತ ಅದೇ, ಆದರೆ 12 ಬದಲಾಗಬಹುದು. "ಹಾಗಾದರೆ ಅವತ್ತು ಕಾಫಿ ಬಿಟ್ಟು ಹೋದರಾಯಿತು" ಅಂತ ಒಬ್ಬಳು ಅಂದಳು. ಅದೂ ನಡೆಯುವುದಿಲ್ಲ. ದಿನಾ ಕುಡಿಯುವವರು ಬಿಟ್ಟರೆ ಹರಿವು ಉಲ್ಟಾ ಏರುತ್ತದೆ, ತಲೆನೋವೂ ಬರುತ್ತದೆ. ಎರಡು ಗುಂಪುಗಳನ್ನು ಹೋಲಿಸುವ ಅಧ್ಯಯನ ಓದುವಾಗ, ಉದಾಹರಣೆಗೆ ವಯಸ್ಸಾದವರು ಮತ್ತು ಯುವಕರು, ನಾನು ಮೊದಲು ನೋಡುವುದು ಇದನ್ನೇ: ವ್ಯತ್ಯಾಸ ನರಕೋಶದ್ದೋ, ಬರೀ ರಕ್ತನಾಳದ್ದೋ?

ಸರಿ, 12 ಸಿಕ್ಕಿತು. ಅದು ಕೆಂಪಾಗುವುದು ಹೇಗೆ?

ಇಲ್ಲಿ ಪೆನ್ನು ಹಿಡಿಯಿರಿ. ವಾಕ್ಸೆಲ್‌ನ ಸಂಖ್ಯೆ ಸುಮ್ನೆಯೂ ಮೇಲೆ ಕೆಳಗೆ ಆಡುತ್ತಿರುತ್ತದೆ, ಉಸಿರು, ಹೃದಯದ ಬಡಿತ, ಮೆಷಿನ್‌ನ ಬಿಸಿ ಎಲ್ಲ ಸೇರಿ. ಆ ಏರಿಳಿತದ ಅಳತೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, 20 ಅಂತ ಇಟ್ಟುಕೊಳ್ಳಿ. ಬಡಿತದ 80 ಚಿತ್ರ, ಸುಮ್ನಿದ್ದ 80 ಚಿತ್ರ. ಎರಡು ಸರಾಸರಿಗಳ ವ್ಯತ್ಯಾಸದ ಅನಿಶ್ಚಿತತೆ 20 ಗುಣಿಸು 2/80ರ ವರ್ಗಮೂಲ, ಅಂದರೆ ಸುಮಾರು 3.16. 12ನ್ನು 3.16ರಿಂದ ಭಾಗಿಸಿದರೆ 3.8. ಇದೇ ಟಿ ಮೌಲ್ಯ. ಇನ್ನೊಂದು ವಾಕ್ಸೆಲ್ ತೆಗೆದುಕೊಳ್ಳಿ. ಅದು 800ರಿಂದ 820ಕ್ಕೆ ಏರಿದೆ, ಅಂದರೆ ಮೊದಲನೆಯದಕ್ಕಿಂತ ಜಾಸ್ತಿ. ಆದರೆ ಅದರ ಏರಿಳಿತ 60. ಅನಿಶ್ಚಿತತೆ 9.5, ಟಿ ಮೌಲ್ಯ 2.1. ಟಿ 3.1 ದಾಟಿದವಕ್ಕೆ ಮಾತ್ರ ಬಣ್ಣ ಅಂತ ಗೆರೆ ಹಾಕಿದರೆ ಮೊದಲನೆಯದು ಕೆಂಪು, ಜಾಸ್ತಿ ಏರಿದ ಎರಡನೆಯದು ಬೂದು. ನಿಜವಾದ ಸಾಫ್ಟ್‌ವೇರ್ ಹಿಂದೆ-ಮುಂದಿನ ಚಿತ್ರಗಳು ಒಂದಕ್ಕೊಂದು ಹೋಲುತ್ತವೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಅದನ್ನು ಇಲ್ಲಿ ಬಿಟ್ಟಿದ್ದೇನೆ.

ಅಂದರೆ ಸಾಮಾನ್ಯವಾಗಿ ಬಣ್ಣ ಹೇಳುವುದು "ಎಷ್ಟು ಕೆಲಸ" ಅನ್ನುವುದನ್ನಲ್ಲ, "ವ್ಯತ್ಯಾಸ ಇದೆ ಅನ್ನಲು ಎಷ್ಟು ಗಟ್ಟಿ ಆಧಾರ" ಅನ್ನುವುದನ್ನು. ಬೂದು ಜಾಗ ನಿದ್ದೆ ಮಾಡುತ್ತಿಲ್ಲ. ಅದು ಗೆರೆ ದಾಟಿಲ್ಲ, ಅಷ್ಟೇ. ಗೆರೆಯನ್ನು ಸ್ವಲ್ಪ ಇಳಿಸಿದರೆ ಅದೇ ಡೇಟಾದಲ್ಲಿ ಇನ್ನೂ ಎಷ್ಟೋ ಜಾಗಕ್ಕೆ ಬಣ್ಣ ಬರಬಹುದು.

ಗೆರೆಯದ್ದೇ ದೊಡ್ಡ ಕಥೆ. ಮನುಷ್ಯನ ಮೆದುಳಿನಲ್ಲಿ ಇಂಥ ವಾಕ್ಸೆಲ್‌ಗಳು ಸುಮಾರು 50,000. ಸಾವಿರಕ್ಕೆ ಒಂದು ತಪ್ಪಾದರೆ ಪರವಾಗಿಲ್ಲ ಅಂತ ಒಪ್ಪಿಕೊಂಡರೂ ಏನೂ ನಡೆಯದ ಮೆದುಳಿನಲ್ಲಿ 50 ಕಡೆ ಬಣ್ಣ ಬರುತ್ತದೆ. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಜೊತೆಯವರು ಇದನ್ನು ತೋರಿಸಲು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರಿನಲ್ಲಿ ಇಟ್ಟರು. ಮನುಷ್ಯರ ಫೋಟೋಗಳನ್ನು ಅದಕ್ಕೆ "ತೋರಿಸಿ", ಫೋಟೋದಲ್ಲಿರುವವರಿಗೆ ಏನನಿಸುತ್ತಿರಬಹುದು ಅಂತ ಕೇಳಿದರು. ಆಮೇಲೆ ಲೆಕ್ಕ ಹಾಕಿದರೆ 8,064 ವಾಕ್ಸೆಲ್‌ಗಳಲ್ಲಿ 16 ಗೆರೆ ದಾಟಿದವು! ಅದರಲ್ಲಿ ಕೆಲವು ಮೀನಿನ ಮೆದುಳಿನಲ್ಲೇ ಇದ್ದವು. ಒಂದೇ ಸಲ ಸಾವಿರಾರು ಪರೀಕ್ಷೆ ಮಾಡಿದ್ದಕ್ಕೆ ಹಾಕಬೇಕಾದ ತಿದ್ದುಪಡಿ ಹಾಕಿದ ತಕ್ಷಣ ಎಲ್ಲ ಮಾಯ. 2012ರಲ್ಲಿ ಇದಕ್ಕೆ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ನೊಬೆಲ್ ಪ್ರಶಸ್ತಿ ಬಂತು. ನಗು ಬರುತ್ತದೆ, ಆದರೆ ತಿದ್ದುಪಡಿ ಇಲ್ಲದ ಚಿತ್ರಗಳು ಆಗ ಪ್ರಕಟವಾಗುತ್ತಲೇ ಇದ್ದವು. ಹಾಗಾಗಿ ಪ್ರಬಂಧ ಸಿಕ್ಕರೆ ಚಿತ್ರದ ಕೆಳಗಿನ ಸಣ್ಣ ಅಕ್ಷರ ಓದಿ. ಅಲ್ಲಿ ತಿದ್ದುಪಡಿ ಮಾಡಿಲ್ಲ ಅಂತ ಇದ್ದರೆ, ಅಥವಾ ಆ ಮಾತೇ ಇಲ್ಲದಿದ್ದರೆ, ಚುಕ್ಕೆಯನ್ನು ಅರ್ಧ ನಂಬಿ.

ತಲೆ ಅಲ್ಲಾಡಿದ್ದಕ್ಕೂ ಬಣ್ಣ ಬರುತ್ತದೆ. ಬೆರಳು ಬಡಿಯುವಾಗಲೆಲ್ಲ ತಲೆಯೂ ಒಂದು ಮಿಲಿಮೀಟರ್ ಆಡಿದರೆ ಅಂಚಿನ ವಾಕ್ಸೆಲ್‌ಗಳಲ್ಲಿ ಒಮ್ಮೆ ಮೆದುಳು, ಒಮ್ಮೆ ಸುತ್ತಲಿನ ದ್ರವ. ಅಲ್ಲಿಯ ಏರಿಳಿತದ ಮುಂದೆ ನಮ್ಮ ಒಂದೂವರೆ ಪ್ರತಿಶತ ಏನೇನೂ ಅಲ್ಲ. ಬಣ್ಣ ಮೆದುಳಿನ ಅಂಚಿಗುಂಟ ಬಳೆಯಂತೆ ಬಂದಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ಈಗ ಪೇಪರಿನ ಪ್ರೀತಿಗೆ ಬರೋಣ. ನಮ್ಮ ಪ್ರಯೋಗದಲ್ಲಿ ಕೆಲಸ ಏನು ಅಂತ ನಮಗೆ ಮೊದಲೇ ಗೊತ್ತಿತ್ತು, ಜಾಗ ಹುಡುಕಿದೆವು. ಪೇಪರಿನವರು ಉಲ್ಟಾ ಮಾಡುತ್ತಾರೆ: ಜಾಗ ನೋಡಿ ಮನಸ್ಸಿನಲ್ಲಿ ಏನಿತ್ತು ಅಂತ ಹೇಳುತ್ತಾರೆ. 2011ರಲ್ಲಿ ಅಮೆರಿಕದ ಒಂದು ಪತ್ರಿಕೆಯಲ್ಲಿ, ಐಫೋನ್ ರಿಂಗಾಗುವುದನ್ನು ಕೇಳಿಸಿದಾಗ, ವಿಡಿಯೋದಲ್ಲಿ ತೋರಿಸಿದಾಗ ಜನರ ಮೆದುಳಿನ ಇನ್ಸುಲಾ ಅನ್ನುವ ಭಾಗದಲ್ಲಿ ಚಟುವಟಿಕೆ ಕಂಡಿತು, ಆದ್ದರಿಂದ ಅವರು ಫೋನನ್ನು ನಿಜವಾಗಿಯೂ ಪ್ರೀತಿಸುತ್ತಾರೆ ಅಂತ ಲೇಖನ ಬಂತು. ರಸೆಲ್ ಪೋಲ್ಡ್ರಾಕ್ ಮತ್ತು ಇತರ ವಿಜ್ಞಾನಿಗಳು ಸೇರಿ ಪತ್ರ ಬರೆದರು: ಎಲ್ಲ ಮೆದುಳು-ಚಿತ್ರ ಅಧ್ಯಯನಗಳಲ್ಲಿ ಮೂರನೇ ಒಂದು ಭಾಗದಷ್ಟರಲ್ಲಿ ಇನ್ಸುಲಾ ಕಾಣಿಸಿಕೊಳ್ಳುತ್ತದೆ. ನೋವಿನಲ್ಲೂ ಬರುತ್ತದೆ, ಅಸಹ್ಯದಲ್ಲೂ ಬರುತ್ತದೆ. ಅದೇ ಚಿತ್ರ ಇಟ್ಟುಕೊಂಡು ಜನರಿಗೆ ತಮ್ಮ ಫೋನ್ ಕಂಡರೆ ವಾಕರಿಕೆ ಅಂತಲೂ ಬರೆಯಬಹುದಿತ್ತು.