ದಿನಾಂಕವಿಲ್ಲದ ಕಾಂಪ್ ಆಫ್ ಪತ್ರ

"ಕಳೆದ ಕೆಲವು ವಾರಾಂತ್ಯಗಳಲ್ಲಿ ಕೆಲಸ ಮಾಡಿದ್ದೇನೆ. ದಯವಿಟ್ಟು ಮೂರು ದಿನ ಕಾಂಪ್ ಆಫ್ ಕೊಡಿ." ರಜಾದಿನ ದುಡಿದದ್ದಕ್ಕೆ ಬದಲಿ ರಜೆ, ಅಂದರೆ ಕಾಂಪ್ ಆಫ್, ಕೇಳುವ ಇಂಥ ಪತ್ರ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಎಚ್‌ಆರ್ ವಿಭಾಗದಲ್ಲಿ ಕುಳಿತವರಿಗೆ ಹೊಸದಲ್ಲ. ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬರೆದವರು ದುಡಿದಿರುತ್ತಾರೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಯಾವ ದಿನ ದುಡಿದರು, ಯಾರು ಹೇಳಿ ದುಡಿದರು ಎಂಬುದು ಪತ್ರದಲ್ಲಿ ಇರುವುದಿಲ್ಲ. ಕೇಳಿದರೆ ಬರುವ ಉತ್ತರ ಒಂದೇ: "ನಮ್ಮ ಪ್ರಾಜೆಕ್ಟ್ ಲೀಡ್‌ಗೆ ಗೊತ್ತು ಮೇಡಂ."

ಗೊತ್ತಿರುವುದು ಬೇರೆ, ಒಪ್ಪಿಗೆ ಕೊಟ್ಟಿರುವುದು ಬೇರೆ. ನೀವು ಶನಿವಾರ ಕಚೇರಿಯಲ್ಲಿದ್ದುದನ್ನು ಲೀಡ್ ಕಣ್ಣಾರೆ ಕಂಡಿರಬಹುದು. ಆದರೆ ಆ ಕೆಲಸ ಅಂದೇ ಆಗಬೇಕಿತ್ತು, ಅದಕ್ಕಾಗಿ ನಿಮ್ಮನ್ನು ತಾವೇ ಕರೆಸಿದ್ದರು ಎಂದು ದಿನಾಂಕ ಸಹಿತ ಬರೆದರೆ ಮಾತ್ರ ಅದು ಒಪ್ಪಿಗೆ. ಅದೂ ಕೆಲಸಕ್ಕೆ ಕೊಟ್ಟ ಒಪ್ಪಿಗೆಯೇ ಹೊರತು ರಜೆಗೆ ಕೊಟ್ಟದ್ದಲ್ಲ. ರಜೆಯನ್ನು ಮಂಜೂರು ಮಾಡುವವರು ಸಾಮಾನ್ಯವಾಗಿ ನಿಮ್ಮ ಮ್ಯಾನೇಜರ್. ಲೀಡ್ ಕೊಟ್ಟ ಮಾತು ಅವರ ಮುಂದಿಡುವ ಆಧಾರ, ಅಷ್ಟೇ.

ಹಾವೇರಿ ಕಡೆಯ ಹುಡುಗಿಯೊಬ್ಬಳ ಪ್ರಕರಣ ಹೇಳುತ್ತೇನೆ. ಅಕ್ಕನ ನಿಶ್ಚಿತಾರ್ಥಕ್ಕೆ ಊರಿಗೆ ಹೋಗಬೇಕಿತ್ತು. 2025ರ ಫೆಬ್ರುವರಿ 8, 15 ಮತ್ತು 22, ಈ ಮೂರೂ ಶನಿವಾರ ಕೆಲಸ ಮಾಡಿದ್ದಳು. ಕಾಂಪ್ ಆಫ್ ಬೇಕೆಂದು ಬರೆದದ್ದು ಏಪ್ರಿಲ್ 17ರಂದು. ಆ ಕಂಪನಿಯ ನಿಯಮದಂತೆ ಕೆಲಸ ಮಾಡಿದ ದಿನದಿಂದ 60 ದಿನಗಳೊಳಗೆ ರಜೆ ಬಳಸಿಕೊಳ್ಳಬೇಕು. ಮೊದಲನೆಯದು ಏಪ್ರಿಲ್ 9ಕ್ಕೇ ಮುಗಿದಿತ್ತು. ಎರಡನೆಯದು 16ಕ್ಕೆ, ಒಂದೇ ಒಂದು ದಿನದಲ್ಲಿ ತಪ್ಪಿಹೋಗಿತ್ತು.

ಉಳಿದದ್ದು ಫೆಬ್ರುವರಿ 22. ಅಂದು ರಾತ್ರಿ 10 ಗಂಟೆಗೆ ಶುರುವಾದ ರಿಲೀಸ್ ಕೆಲಸ ಬೆಳಗಿನ ಜಾವ 4ಕ್ಕೆ ಮುಗಿದಿತ್ತು. ಮುಗಿದದ್ದು ಭಾನುವಾರವಾದ್ದರಿಂದ ಆಕೆ ಪತ್ರದಲ್ಲಿ 23 ಎಂದು ಬರೆದಿದ್ದಳು. ಲೀಡ್ ಕಳುಹಿಸಿದ್ದ ಮೇಲ್‌ನಲ್ಲಿ 22 ಎಂದಿತ್ತು. ಎರಡೂ ತಾಳೆಯಾಗದೆ ಅರ್ಜಿ ತಿರಸ್ಕೃತವಾಯಿತು. ಲೀಡ್ ಅಷ್ಟರಲ್ಲಿ ಬೇರೆ ಪ್ರಾಜೆಕ್ಟ್‌ಗೆ ಹೋಗಿದ್ದರು, ಹೊಸಬರಿಗೆ ಏನೂ ತಿಳಿಯದು. ಪುಣ್ಯಕ್ಕೆ ಆ ಹಳೆಯ ಮೇಲ್ ಉಳಿದಿತ್ತು, ಅದನ್ನಿಟ್ಟು ದಿನಾಂಕ ಸರಿಪಡಿಸಿಕೊಂಡಳು. ಕೆಲಸ ಆರಂಭವಾದ ದಿನವನ್ನೇ ಲೆಕ್ಕಕ್ಕೆ ಹಿಡಿಯುವುದು ಅಲ್ಲಿನ ಪದ್ಧತಿ, ಎಂಟು ಗಂಟೆಗೆ ಕಡಿಮೆಯಾದರೆ ಅರ್ಧ ದಿನ. ಮೂರು ದಿನ ಕೇಳಿದವಳಿಗೆ ಸಿಕ್ಕಿದ್ದು ಅರ್ಧ ದಿನ. ಉಳಿದ ಎರಡೂವರೆ ದಿನ ಆಕೆಯ ಗಳಿಕೆ ರಜೆಯಿಂದ ಹೋಯಿತು. ನನಗೆ ಅದು ಇಂದಿಗೂ ಬೇಸರದ ಸಂಗತಿ.

ಆಕೆಯ ತಪ್ಪಾದರೂ ಏನು? ರಜೆ ಬೇಕಾದಾಗ ಕೇಳಿದರಾಯಿತು ಎಂದು ಕಾದದ್ದು. ಕಾಂಪ್ ಆಫ್ ಅನ್ನು ಗಳಿಸಿ ಖಾತೆಗೆ ಸೇರಿಸುವುದು ಒಂದು ಕೆಲಸ, ಅದನ್ನು ಬಳಸುವುದು ಇನ್ನೊಂದು. ಊರಿಗೆ ಹೋಗುವ ದಿನ ಗೊತ್ತಿಲ್ಲದಿದ್ದರೂ ದುಡಿದದ್ದು ಸೋಮವಾರವೇ ದಾಖಲಾಗಬೇಕು. ಶುಕ್ರವಾರ ಲೀಡ್ ಬಾಯಲ್ಲಿ ಹೇಳಿದರೆ, "ನೀವು ಹೇಳಿದಂತೆ ನಾಳೆ 22ರಂದು ರಾತ್ರಿ 10ರಿಂದ ರಿಲೀಸ್‌ಗೆ ಇರುತ್ತೇನೆ, ದಯವಿಟ್ಟು ಖಚಿತಪಡಿಸಿ" ಎಂದು ಎರಡು ಸಾಲು ಮೇಲ್ ಹಾಕಿ. ಯಾವ ಲೀಡ್ ಕೂಡ ಇದಕ್ಕೆ ಮುನಿಸಿಕೊಂಡದ್ದನ್ನು ನಾನು ಕಂಡಿಲ್ಲ.

ಸೋಮವಾರ ಮ್ಯಾನೇಜರ್‌ಗೆ ಬರೆಯುವುದು ಇಷ್ಟಿದ್ದರೆ ಸಾಕು: "ಫೆಬ್ರುವರಿ 22, ಶನಿವಾರ ರಾತ್ರಿ 10ರಿಂದ ಮರುದಿನ ಬೆಳಗಿನ 4ರವರೆಗೆ ರಿಲೀಸ್ ಕೆಲಸ ಮಾಡಿದ್ದೇನೆ. ಪ್ರಾಜೆಕ್ಟ್ ಲೀಡ್ 21ರಂದು ನೀಡಿದ ಒಪ್ಪಿಗೆಯ ಮೇಲ್ ಲಗತ್ತಿಸಿದ್ದೇನೆ. ಟೈಮ್‌ಶೀಟ್‌ನಲ್ಲೂ ನಮೂದಿಸಿದ್ದೇನೆ. ಇದಕ್ಕೆ ಸಲ್ಲುವ ಕಾಂಪ್ ಆಫ್ ಅನ್ನು ನನ್ನ ಖಾತೆಗೆ ಸೇರಿಸಬೇಕಾಗಿ ವಿನಂತಿ." ಎಷ್ಟು ಕಷ್ಟಪಟ್ಟಿರಿ, ಮನೆಯವರು ಎಷ್ಟು ಬೇಸರಪಟ್ಟುಕೊಂಡರು ಎಂಬುದು ಬೇಡ. ಎರಡು ದಿನ ದುಡಿದಿದ್ದರೆ ಎರಡು ದಿನಾಂಕ, ಎರಡಕ್ಕೂ ಒಪ್ಪಿಗೆ.

60 ದಿನ, ಅರ್ಧ ದಿನ ಎಂಬುವು ಆ ಒಂದು ಕಂಪನಿಯ ಲೆಕ್ಕ. ನಿಮ್ಮಲ್ಲಿ ಬೇರೆ ಇರಬಹುದು, ನಿಯಮಾವಳಿ ತೆರೆದು ನೋಡಿ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ವಾರಕ್ಕೆ ಒಂದು ಪೂರ್ಣ ದಿನದ ರಜೆ ಕೊಡಬೇಕೆನ್ನುತ್ತದೆ. ಐದು ದಿನದ ವಾರದಲ್ಲಿ ಸಿಗುವ ಎರಡನೆಯ ರಜೆ ಕಂಪನಿ ತಾನಾಗಿ ಕೊಟ್ಟದ್ದು, ಆದ್ದರಿಂದ ಭಾನುವಾರ ಬಿಡುವಿದ್ದವರಿಗೆ ಶನಿವಾರದ ಕಾಂಪ್ ಆಫ್ ಬಹುಮಟ್ಟಿಗೆ ಕಂಪನಿಯ ನಿಯಮದ ಮೇಲೆಯೇ ನಿಂತಿರುತ್ತದೆ. ಶನಿವಾರ, ಭಾನುವಾರ ಎರಡೂ ದಿನ ಕರೆಸಿಕೊಂಡು ವಾರವಿಡೀ ಬಿಡುವೇ ಕೊಡದಿದ್ದರೆ ಅದು ಬೇರೆಯೇ ವಿಷಯ. ಆಗ ಕಾಂಪ್ ಆಫ್ ಅರ್ಜಿಯೊಂದನ್ನೇ ಹಾಕಿ ಸುಮ್ಮನಾಗಬೇಡಿ, ಎಚ್‌ಆರ್‌ಗೆ ಲಿಖಿತವಾಗಿ ತಿಳಿಸಿ.